‘ಎರಡು ವರ್ಷದಿಂದ’ ಅನ್ನೋಕೆ ಫ್ರೆಂಚ್‌ನಲ್ಲಿ ಏನಂತಾರೆ?

ಫ್ರಾನ್ಸ್‌ನಲ್ಲಿ ಓದೋಕೆ ಅರ್ಜಿ ಹಾಕಿದ್ದೀರಿ, ಸಂದರ್ಶನದಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ. ‘ಎಷ್ಟು ಸಮಯದಿಂದ ಫ್ರೆಂಚ್ ಕಲೀತಿದ್ದೀರಿ?’ ಅಂತ ಕೇಳ್ತಾರೆ. ಇಂಗ್ಲಿಷ್‌ನಲ್ಲಿ ಉತ್ತರ ರೆಡಿ ಇರುತ್ತೆ: ‘ಐ ಹ್ಯಾವ್ ಬೀನ್ ಲರ್ನಿಂಗ್ ಫ್ರೆಂಚ್ ಫಾರ್ ಟೂ ಇಯರ್ಸ್’. ಇದನ್ನೇ ಫ್ರೆಂಚ್‌ಗೆ ತಿರುಗಿಸೋಕೆ ಹೋದರೆ ಎಡವೋದು ಗ್ಯಾರಂಟಿ.

ಯಾಕೆ? ‘ಹ್ಯಾವ್’ ಕೇಳಿದ ಕೂಡಲೇ ನಾವು ಫ್ರೆಂಚ್‌ನಲ್ಲೂ ‘ಜೆ ಆಪ್ರಿ’ ಅಂತ ಭೂತಕಾಲ ಹಾಕಿಬಿಡ್ತೀವಿ. ‘ಫಾರ್’ಗೆ ‘ಪಾಂದಾಂ’ ಸೇರಿಸ್ತೀವಿ. ‘ಜೆ ಆಪ್ರಿ ಲ ಫ್ರಾಂಸೆ ಪಾಂದಾಂ ದೊ ಜಾಂ’. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಕೇಳಿದವರಿಗೆ ಅರ್ಥವಾಗೋದು ‘ಎರಡು ವರ್ಷ ಕಲಿತೆ, ಆಮೇಲೆ ನಿಲ್ಲಿಸಿದೆ’ ಅಂತ!

ಹಾಗಾದರೆ ಸರಿಯಾದ್ದು ಯಾವುದು? ಇಂಗ್ಲಿಷ್ ಪಕ್ಕಕ್ಕಿಡಿ, ಕನ್ನಡದಲ್ಲಿ ಯೋಚಿಸಿ. ‘ಎರಡು ವರ್ಷದಿಂದ ಕಲೀತಿದ್ದೀನಿ’. ಕ್ರಿಯಾಪದ ವರ್ತಮಾನದಲ್ಲೇ ಇದೆ, ಅಲ್ವಾ? ಫ್ರೆಂಚ್ ಕೂಡ ಹಾಗೇ: ‘ಜಾಪ್ರಾಂ ಲ ಫ್ರಾಂಸೆ ದಪ್ವಿ ದೊ ಜಾಂ’. ಈ ‘ದಪ್ವಿ’ ಅಂದ್ರೆ ನಮ್ಮ ‘ಇಂದ’. ಇಂಗ್ಲಿಷ್‌ಗೆ ಅವಧಿ ಹೇಳೋಕೆ ‘ಫಾರ್’, ಶುರುವಾದ ದಿನ ಹೇಳೋಕೆ ‘ಸಿನ್ಸ್’ ಬೇಕು. ಇಲ್ಲಿ ‘ಎರಡು ವರ್ಷದಿಂದ’ ಅನ್ನೋಕೂ ‘2022ರಿಂದ’ ಅನ್ನೋಕೂ ‘ದಪ್ವಿ’ ಒಂದೇ ಸಾಕು.

ಕಲಿಕೆ ಯಾವಾಗ ಶುರುವಾಯ್ತು ಅಂತ ಹೇಳಬೇಕಾದರೆ ‘ಇಲ್ಯಾ’. ‘ಜೆ ಕೊಮಾಂಸೆ ಇಲ್ಯಾ ದೊ ಜಾಂ’ ಅಂದ್ರೆ ‘ಎರಡು ವರ್ಷದ ಹಿಂದೆ ಶುರು ಮಾಡಿದೆ’. ಇಂಗ್ಲಿಷ್‌ನ ‘ಟೂ ಇಯರ್ಸ್ ಅಗೋ’ ಇದೇ. ಅಲ್ಲೂ ಸಿಂಪಲ್ ಪಾಸ್ಟ್ ಬರುತ್ತೆ: ‘ಐ ಸ್ಟಾರ್ಟೆಡ್’. ಒಂದೇ ವ್ಯತ್ಯಾಸ ಅಂದ್ರೆ ‘ಅಗೋ’ ಅವಧಿಯ ನಂತರ ಬರುತ್ತೆ, ‘ಇಲ್ಯಾ’ ಅವಧಿಗಿಂತ ಮೊದಲು ಬರುತ್ತೆ.

ಇನ್ನು ‘ಪಾಂದಾಂ’. ಶುರುವಾಗಿ ಮುಗಿದ ಕೆಲಸ ಎಷ್ಟು ಕಾಲ ನಡೀತು ಅನ್ನೋದಕ್ಕೆ ಇದು. ಇಂಗ್ಲಿಷ್‌ನಲ್ಲಿ ‘ಐ ಲರ್ನ್ಟ್ ಫ್ರೆಂಚ್ ಫಾರ್ ಟೂ ಇಯರ್ಸ್’. ಮುಂದುವರಿದಿರೋದಕ್ಕೂ ಮುಗಿದದ್ದಕ್ಕೂ ಇಂಗ್ಲಿಷ್ ‘ಫಾರ್’ ಅನ್ನೋದರಿಂದಲೇ ಇಷ್ಟೆಲ್ಲಾ ಗೊಂದಲ. ಹಾಗಾಗಿ ‘ಫಾರ್’ ಕಂಡರೆ ಕ್ರಿಯಾಪದ ನೋಡಿ. ‘ಹ್ಯಾವ್ ಬೀನ್ ಲರ್ನಿಂಗ್’ ಇದ್ದರೆ ‘ದಪ್ವಿ’ ಜೊತೆ ವರ್ತಮಾನ. ಬರೀ ‘ಲರ್ನ್ಟ್’ ಇದ್ದರೆ ‘ಪಾಂದಾಂ’ ಜೊತೆ ಭೂತಕಾಲ.

ಒಂದು ಎಚ್ಚರಿಕೆ. ‘ಇಲ್ಲ’ ಅನ್ನೋ ವಾಕ್ಯದಲ್ಲಿ ‘ದಪ್ವಿ’ ಜೊತೆ ಭೂತಕಾಲವೂ ಬರುತ್ತೆ. ‘ಎರಡು ವರ್ಷದಿಂದ ಫ್ರೆಂಚ್ ಮಾತಾಡಿಲ್ಲ’ ಅನ್ನೋಕೆ ‘ಜ ನೆ ಪಾ ಪಾರ್ಲೆ ಫ್ರಾಂಸೆ ದಪ್ವಿ ದೊ ಜಾಂ’. ಇಲ್ಲಿ ಮಾತ್ರ ಇಂಗ್ಲಿಷ್‌ನ ‘ಹ್ಯಾವಂಟ್ ಸ್ಪೋಕನ್’ ಫ್ರೆಂಚ್‌ಗೆ ಸರಿಯಾಗಿ ಹೊಂದುತ್ತೆ.

ಈಗ ನೀವೇ ಹೇಳಿ: ‘ಮೂರು ತಿಂಗಳಿಂದ ಕೆಲಸ ಮಾಡ್ತಿದ್ದೀನಿ’ ಅನ್ನೋಕೆ ಮೂರರಲ್ಲಿ ಯಾವುದು? ‘ಇಂದ’ ಇದೆ, ಕೆಲಸ ಇನ್ನೂ ನಡೀತಿದೆ. ‘ಜ ತ್ರಾವಾಯ್ ದಪ್ವಿ ತ್ರ್ವಾ ಮ್ವಾ’.