ಉಳಿದವರಿಗೆ ಬರೆಯುವ ಪತ್ರ

ಕಂಪನಿಯೊಂದು ಒಂದಷ್ಟು ಜನರನ್ನು ಕೆಲಸದಿಂದ ತೆಗೆದ ಮೇಲೆ ಉಳಿದವರಿಗೆ ಒಂದು ಇಮೇಲ್ ಬರುತ್ತದೆ. ಬೆಂಗಳೂರಿನ ಐಟಿ ಉದ್ಯೋಗಿಗಳಲ್ಲಿ ಅನೇಕರು ಅದನ್ನು ಓದಿದವರೇ. ನಾವೆಲ್ಲ ಒಂದೇ ಕುಟುಂಬ, ಮುಂದೆ ಒಳ್ಳೆಯ ದಿನಗಳಿವೆ ಎಂಬ ಧಾಟಿ ಅದರದು. ಓದುವವರ ಮನಸ್ಸಿನಲ್ಲಿರುವ ಪ್ರಶ್ನೆಗಳೇ ಬೇರೆ. ಮುಂದಿನ ಸರದಿ ನನ್ನದೇ? ಹೋದವರ ಕೆಲಸ ಯಾರ ತಲೆಗೆ ಬೀಳುತ್ತದೆ? ಜೊತೆಗೆ, ಅವರು ಹೋಗಿ ನಾನು ಉಳಿದೆನಲ್ಲ ಎಂಬ ಅಳುಕು. ಅಮೆರಿಕದ ಡೇವಿಡ್ ನೋಯರ್ 1993ರಲ್ಲಿ ಈ ಮನಃಸ್ಥಿತಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಉಳಿದುಕೊಂಡವರ ಭಯ, ಸಿಟ್ಟು, ಅಪರಾಧಿ ಭಾವಗಳನ್ನು ಅವರು ಒಂದು ಕಾಯಿಲೆಯೆಂದೇ ಕರೆದರು.

2020ರ ಮೇ 5ರಂದು ಏರ್‌ಬಿಎನ್‌ಬಿ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ಪತ್ರವನ್ನು ಈ ಕಣ್ಣಿನಿಂದ ಓದಬೇಕು. ಕೋವಿಡ್‌ನಿಂದ ಪ್ರವಾಸವೇ ನಿಂತಿತ್ತು. 7,500 ಉದ್ಯೋಗಿಗಳಲ್ಲಿ ಸುಮಾರು 1,900 ಮಂದಿ ಹೊರಹೋಗಬೇಕಾಯಿತು. ಉಳಿದವರನ್ನೇ ಉದ್ದೇಶಿಸಿದ ಮಾತು ಅದರಲ್ಲಿ ಕೆಲವೇ ಸಾಲು. ಆದರೂ ಇಡೀ ಪತ್ರ ಅವರಿಗೂ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ ಹೋಗುವವರಿಗೆ 14 ವಾರಗಳ ಮೂಲ ವೇತನ, ದುಡಿದ ಪ್ರತಿ ವರ್ಷಕ್ಕೆ ಇನ್ನೊಂದು ವಾರದ್ದು, ಒಂದು ವರ್ಷದ ಆರೋಗ್ಯ ವಿಮೆ ಎಂದು ಬಿಡಿಸಿ ಹೇಳಿದೆ. ನಾಳೆ ನನಗೂ ಹೀಗಾದರೆ ಇವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಉಳಿದವನು ಇಲ್ಲಿಯೇ ಅಳೆಯುತ್ತಾನೆ.

ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಭಾಗ. ಸಾರಿಗೆ ಮತ್ತು ಸ್ಟುಡಿಯೋ ಯೋಜನೆಗಳನ್ನು ನಿಲ್ಲಿಸುತ್ತೇವೆ, ಹೋಟೆಲ್ ಮತ್ತು ಐಷಾರಾಮಿ ಮನೆಗಳ ವಿಭಾಗಕ್ಕೆ ಹಣ ಕಡಿಮೆ ಮಾಡುತ್ತೇವೆ ಎಂದು ಹೆಸರಿಟ್ಟೇ ಬರೆದಿದ್ದರು. ಕೆಲಸ ನಿಲ್ಲಿಸದೆ ಜನರನ್ನಷ್ಟೇ ಕಡಿಮೆ ಮಾಡಿದರೆ ಹತ್ತು ಜನರ ಹೊರೆ ಏಳು ಜನರ ಹೆಗಲಿಗೇರುತ್ತದೆ. ಯಾವ ಕೆಲಸ ಇನ್ನು ಬೇಡ ಎಂದು ಬರೆದು ತಿಳಿಸುವುದು ಧೈರ್ಯ ತುಂಬುವ ಹತ್ತು ಸಾಲಿಗಿಂತ ಹೆಚ್ಚು ನೆಮ್ಮದಿ ಕೊಡುತ್ತದೆ.

ಕಷ್ಟದ ಪ್ರಶ್ನೆ ಮತ್ತೆ ಲೇಆಫ್ ಆಗುತ್ತದೆಯೇ ಎಂಬುದು. "ಇನ್ನು ಮುಂದೆ ಇಲ್ಲ" ಎಂದು ಬರೆಯುವ ಆಸೆ ಸಹಜ. ಮೂರು ತಿಂಗಳಲ್ಲಿ ಆ ಮಾತು ಸುಳ್ಳಾದರೆ ಮತ್ತಾವ ಪತ್ರವನ್ನೂ ಯಾರೂ ನಂಬುವುದಿಲ್ಲ. ಬೆಂಗಳೂರಿನ ತಂಡವೊಂದರ ಮ್ಯಾನೇಜರ್ ಹೀಗೆ ಬರೆಯಬಹುದು: "ಈ ತ್ರೈಮಾಸಿಕಕ್ಕೆ ಬೇರೆ ಯಾವ ಕಡಿತವೂ ಯೋಜನೆಯಲ್ಲಿಲ್ಲ. ಆ ದೊಡ್ಡ ಗ್ರಾಹಕರ ಒಪ್ಪಂದ ನವೀಕರಣವಾಗದಿದ್ದರೆ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಜುಲೈ 15ಕ್ಕೆ ಅದು ತಿಳಿಯುತ್ತದೆ. ಅಂದೇ ನಿಮಗೆ ಹೇಳುತ್ತೇನೆ." ಗೊತ್ತಿರುವುದು, ಗೊತ್ತಿಲ್ಲದ್ದು, ತಿಳಿಯುವ ದಿನ, ಮೂರೂ ಇದರಲ್ಲಿವೆ. ಜುಲೈ 15ಕ್ಕೆ ಒಪ್ಪಂದ ಇತ್ಯರ್ಥವಾಗದಿದ್ದರೂ, "ಇನ್ನೂ ತೀರ್ಮಾನವಾಗಿಲ್ಲ" ಎಂಬ ಇಮೇಲ್ ಅಂದೇ ಹೋಗಬೇಕು.

ಪತ್ರ ಫಲ ಕೊಟ್ಟಿದೆಯೇ ಎಂಬುದು ಮುಂದಿನ ಸಭೆಗಳಲ್ಲಿ ಗೊತ್ತಾಗುತ್ತದೆ. ಎಲ್ಲರೂ ಮೌನವಾಗಿ ತಲೆಯಾಡಿಸಿ, ಪ್ರಶ್ನೆಗಳು ಕ್ಯಾಂಟೀನಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಕೇಳಿಬಂದರೆ ನಂಬಿಕೆ ಇನ್ನೂ ಮರಳಿಲ್ಲ. ಸಭೆಯಲ್ಲೇ ಎದ್ದು ಯಾರಾದರೂ "ನಮ್ಮ ಪ್ರಾಜೆಕ್ಟ್ ಏನಾಗುತ್ತೆ ಸರ್?" ಎಂದು ನೇರವಾಗಿ ಕೇಳಿದರೆ, ಅದು ಮರಳತೊಡಗಿದೆ.