ಒಂದೇ ನಿಧಿ, ಎರಡು ಬೆಲೆ

ಶಿವಾಜಿನಗರದ ಅಂಗಡಿಕಾರರೂ ಹಲಸೂರಿನ ಗೃಹಿಣಿಯರೂ ತಲೆಮಾರುಗಳಿಂದ ಚೀಟಿ ಹಾಕಿ ಹಣ ಕೂಡಿಸುತ್ತ ಬಂದವರು. ಆ ಚೀಟಿಯನ್ನು ಹರಾಜು ಕೂಗುವ ದಿನ ಅದನ್ನು ನಡೆಸುವವನ ಕಮಿಷನ್ ಎಷ್ಟೆಂಬುದು ಅಲ್ಲಿ ನೆರೆದ ಸದಸ್ಯರೆಲ್ಲರಿಗೂ ಬಾಯಿಪಾಠವಾಗಿರುತ್ತದೆ. 1982ರ ಚೀಟಿ ನಿಧಿ ಕಾಯಿದೆ ಆ ಕಮಿಷನ್ನಿಗೆ ಶೇಕಡ 5ರ ಮಿತಿಯನ್ನು ಹಾಕಿತ್ತು, 2019ರ ತಿದ್ದುಪಡಿ ಅದನ್ನು ಶೇಕಡ 7ಕ್ಕೆ ಏರಿಸಿತು. ದರ ಕಡಮೆಯಲ್ಲ, ಆದರೆ ಅದು ಎಲ್ಲರ ಕಣ್ಣೆದುರಿಗೆ, ಎಣಿಸಿದ ನೋಟುಗಳಿಂದಲೇ ಕಳೆಯಲ್ಪಡುತ್ತದೆ. ಅದೇ ಜನರ ಮಕ್ಕಳು ಇಂದು ಇಂದಿರಾನಗರದ ಬ್ಯಾಂಕಿನ ಶಾಖೆಯಲ್ಲಿ ಕುಳಿತು ಮ್ಯೂಚುವಲ್ ಫಂಡಿನ ಅರ್ಜಿಗೆ ಸಹಿ ಹಾಕುವಾಗ, ಎಷ್ಟು ಕಮಿಷನ್, ಎಲ್ಲಿಂದ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳುವುದು ಅಪರೂಪ. ಈ ಅಧ್ಯಾಯದ ವಿಷಯ ಆ ಮೂರು ಪ್ರಶ್ನೆಗಳೇ.

ಮ್ಯೂಚುವಲ್ ಫಂಡ್ ನಮ್ಮ ನಗರಕ್ಕೆ ನೂತನವಾದುದಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೆನರಾ ಬ್ಯಾಂಕು 1987ರಲ್ಲಿಯೇ ತನ್ನದೊಂದು ಮ್ಯೂಚುವಲ್ ಫಂಡನ್ನು ಸ್ಥಾಪಿಸಿತ್ತು. ಅಂದಿನಿಂದ ಬಹುಕಾಲ, ಹೂಡಿಕೆದಾರನು ಕೊಟ್ಟ ಹಣದಿಂದ ಪ್ರವೇಶದ ಸಮಯದಲ್ಲಿಯೇ ಒಂದು ಅಂಶವನ್ನು ಕಡಿದು, ಅದರಿಂದ ಏಜೆಂಟನಿಗೆ ಕಮಿಷನ್ ಕೊಡುವ ಪದ್ಧತಿಯಿತ್ತು. ಷೇರು ನಿಧಿಗಳಲ್ಲಿ ಈ ಪ್ರವೇಶ ಶುಲ್ಕ ಸಾಮಾನ್ಯವಾಗಿ ಶೇಕಡ 2.25 ಇದ್ದಿತು. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2009ರ ಆಗಸ್ಟ್ 1ರಿಂದ ಅದನ್ನು ರದ್ದುಗೊಳಿಸಿತು. ಕಮಿಷನ್ ಮಾತ್ರ ಹೋಗಲಿಲ್ಲ; ಪ್ರವೇಶದ್ವಾರವನ್ನು ಬಿಟ್ಟು ನಿಧಿಯ ವಾರ್ಷಿಕ ವೆಚ್ಚದೊಳಗೆ ಸೇರಿಕೊಂಡಿತು. ವಿತರಕನ ನೆರವನ್ನು ಪಡೆಯದೆ ನೇರವಾಗಿ ಬಂದವನೂ ಆ ವೆಚ್ಚವನ್ನು ಹೊರಬೇಕಾಗಿದ್ದ ಅನ್ಯಾಯವನ್ನು ಗಮನಿಸಿದ ಸೆಬಿ, 2012ರ ಸೆಪ್ಟೆಂಬರ್‌ನಲ್ಲಿ ಆಜ್ಞೆ ಹೊರಡಿಸಿ, 2013ರ ಜನವರಿ 1ರಿಂದ ಪ್ರತಿಯೊಂದು ನಿಧಿಯೂ ಡೈರೆಕ್ಟ್ ಪ್ಲಾನ್ ಎಂಬ ಪ್ರತ್ಯೇಕ ಯೋಜನೆಯನ್ನು ತೆರೆಯಬೇಕೆಂದೂ, ಅದರಿಂದ ವಿತರಕರಿಗೆ ಯಾವ ಕಮಿಷನ್ನನ್ನೂ ಕೊಡತಕ್ಕದ್ದಲ್ಲವೆಂದೂ ವಿಧಿಸಿತು. ವಿತರಕನ ಮೂಲಕ ಕೊಳ್ಳುವ ಹಳೆಯ ಯೋಜನೆ ರೆಗ್ಯುಲರ್ ಪ್ಲಾನ್ ಆಯಿತು.

ಎರಡರ ಹಣವೂ ಒಂದೇ ಬೊಕ್ಕಸದಲ್ಲಿರುತ್ತದೆ. ನಿರ್ವಾಹಕರೂ ಅವರೇ, ಕೊಂಡ ಷೇರುಗಳೂ ಅವೇ, ಲಾಭನಷ್ಟಗಳೂ ಅವೇ. ಭೇದವಿರುವುದು ವೆಚ್ಚದಲ್ಲಿ ಮಾತ್ರ. ಷೇರು ನಿಧಿಗಳಲ್ಲಿ ಈ ಅಂತರ ಸಾಮಾನ್ಯವಾಗಿ ವರ್ಷಕ್ಕೆ ಶೇಕಡ ಅರ್ಧದಿಂದ ಒಂದೂಕಾಲರವರೆಗೆ ಇರುತ್ತದೆ; ಸಾಲಪತ್ರಗಳ ನಿಧಿಗಳಲ್ಲಿಯೂ ಸೂಚ್ಯಂಕವನ್ನು ಅನುಸರಿಸುವ ನಿಧಿಗಳಲ್ಲಿಯೂ ಇದಕ್ಕಿಂತ ಕಡಮೆ.

ಕೆ.ಆರ್. ಪುರದ ದಾರಿಯಲ್ಲಿರುವ ದೂರವಾಣಿನಗರದ ನಿವೃತ್ತ ನೌಕರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಭವಿಷ್ಯನಿಧಿಯೂ ಗ್ರಾಚ್ಯುಯಿಟಿಯೂ ಒಟ್ಟಾಗಿ ಕೈಗೆ ಬಂದಿವೆ. ಅದರಲ್ಲಿ 10 ಲಕ್ಷ ರೂಪಾಯಿಗಳನ್ನು, ಇಪ್ಪತ್ತು ವರ್ಷ ಮುಟ್ಟದೆ, ಮೊಮ್ಮಗಳಿಗೆಂದು ಒಂದು ಷೇರು ನಿಧಿಯಲ್ಲಿ ಇಡಬೇಕೆಂದಿದ್ದಾರೆ. ತಮ್ಮ ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ, "ಇದಕ್ಕೆ ನಿಮಗೆಷ್ಟು ಕೊಡಬೇಕಪ್ಪಾ?" ಎಂದು ಕೇಳುತ್ತಾರೆ. "ನಿಮ್ಮಿಂದ ಒಂದು ಪೈಸೆಯೂ ತಗೊಳ್ಳೋದಿಲ್ಲ ಸಾರ್, ಎಲ್ಲಾ ಫಂಡ್ ಕಂಪನಿಯವರೇ ಕೊಡ್ತಾರೆ" ಎಂದು ಉತ್ತರ ಬರುತ್ತದೆ.

ಈ ಉತ್ತರದ ಮೊದಲರ್ಧ ನಿಜ, ಉಳಿದರ್ಧ ಭ್ರಾಂತಿಜನಕ. 2018ರ ಅಕ್ಟೋಬರ್‌ನಲ್ಲಿ ಸೆಬಿ ಮಾಡಿದ ನಿಯಮದಂತೆ ಕಮಿಷನ್ನನ್ನು ಫಂಡ್ ಕಂಪನಿ ತನ್ನ ಲಾಭದಿಂದ ಕೊಡುವಂತೆಯೇ ಇಲ್ಲ. ಅದು ನಿಧಿಯ ವೆಚ್ಚದಿಂದಲೇ, ಅರ್ಥಾತ್ ಹೂಡಿಕೆದಾರರ ಸ್ವಂತ ಹಣದಿಂದಲೇ ಸಲ್ಲಬೇಕು. ಮೊದಲಿಗೇ ದೊಡ್ಡ ಮೊತ್ತವನ್ನು ಕೊಡುವ ರೂಢಿಯನ್ನೂ ಆ ನಿಯಮ ನಿಲ್ಲಿಸಿ, ಹಣ ನಿಧಿಯಲ್ಲಿರುವವರೆಗೂ ವರ್ಷವರ್ಷವೂ ಸಲ್ಲುವ ಕಮಿಷನ್ನನ್ನಷ್ಟೇ ಉಳಿಸಿತು. ಕಡಿತ ನಡೆಯುವ ಕ್ರಮ ಹೀಗಿದೆ: ಪ್ರತಿದಿನ ಪೇಟೆ ಮುಗಿದ ಮೇಲೆ ನಿಧಿಯ ಆಸ್ತಿಗೆ ಬೆಲೆ ಕಟ್ಟಿ, ವಾರ್ಷಿಕ ವೆಚ್ಚದ 365ರಲ್ಲಿ ಒಂದು ಭಾಗವನ್ನು ಅದರಿಂದ ಕಳೆದು, ಉಳಿದುದನ್ನು ಯೂನಿಟ್ಟುಗಳ ಸಂಖ್ಯೆಯಿಂದ ಭಾಗಿಸಿ, ಆ ದಿನದ ಯೂನಿಟ್ ಬೆಲೆಯಾದ ಎನ್‌ಎವಿಯನ್ನು ಪ್ರಕಟಿಸುತ್ತಾರೆ. ನಮ್ಮ ಹಿರಿಯರ 10 ಲಕ್ಷದ ಮೇಲೆ ಶೇಕಡ 1ರ ಕಮಿಷನ್ ಎಂದರೆ ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 27 ರೂಪಾಯಿ. ಅದಕ್ಕೆ ಬಿಲ್ಲಿಲ್ಲ, ಪಾಸ್‌ಬುಕ್ಕಿನಲ್ಲಿ ನಮೂದಿಲ್ಲ. ಅವರು ನೋಡುವ ಬೆಲೆ ಈಗಾಗಲೇ ಕಡಿತವಾದ ಬೆಲೆ.

ಇನ್ನು ಇಪ್ಪತ್ತು ವರ್ಷಗಳ ಲೆಕ್ಕ. ಡೈರೆಕ್ಟ್ ಪ್ಲಾನ್ ವರ್ಷಕ್ಕೆ ಶೇಕಡ 11ರಂತೆಯೂ ರೆಗ್ಯುಲರ್ ಪ್ಲಾನ್ ಶೇಕಡ 10ರಂತೆಯೂ ಬೆಳೆಯಿತೆಂದು ಇಟ್ಟುಕೊಳ್ಳೋಣ. ಪೇಟೆ ಹೀಗೆ ಸಮನಾಗಿ ನಡೆಯುವುದಿಲ್ಲವಾದರೂ ಅಂತರದ ಸ್ವರೂಪವನ್ನು ತಿಳಿಯಲು ಇಷ್ಟು ಸಾಕು. ಹತ್ತನೆಯ ವರ್ಷದ ಕೊನೆಗೆ ವ್ಯತ್ಯಾಸ ಸುಮಾರು 2 ಲಕ್ಷ 46 ಸಾವಿರ. ಇಪ್ಪತ್ತನೆಯ ವರ್ಷದ ಕೊನೆಗೆ ಡೈರೆಕ್ಟ್ ಪ್ಲಾನಿನಲ್ಲಿ 80 ಲಕ್ಷ 62 ಸಾವಿರ, ರೆಗ್ಯುಲರ್ ಪ್ಲಾನಿನಲ್ಲಿ 67 ಲಕ್ಷ 27 ಸಾವಿರ. ವ್ಯತ್ಯಾಸ 13 ಲಕ್ಷ 35 ಸಾವಿರ, ಹೂಡಿದ ಮೂಲಧನಕ್ಕಿಂತಲೂ ಅಧಿಕ. ಇಲ್ಲಿ ವಾಚಕರು ಒಂದು ಕ್ಷಣ ನಿಂತು ಗಮನಿಸಬೇಕಾದ ಅಂಶವೊಂದಿದೆ. ಈ ಇಪ್ಪತ್ತು ವರ್ಷಗಳಲ್ಲಿ ವಿತರಕನ ಪಾಲಿಗೆ ಹೋದ ಕಮಿಷನ್ನನ್ನೆಲ್ಲ ಕೂಡಿದರೆ ಆಗುವುದು ಸುಮಾರು 6 ಲಕ್ಷ ಮಾತ್ರ. ಮಿಕ್ಕ 7 ಲಕ್ಷಕ್ಕೂ ಹೆಚ್ಚಿನ ಹಣ ವಿತರಕನಿಗೂ ಸೇರಲಿಲ್ಲ, ಕಂಪನಿಗೂ ಸೇರಲಿಲ್ಲ. ಕಡಿತವಾಗದೆ ನಿಧಿಯಲ್ಲಿಯೇ ಉಳಿದಿದ್ದರೆ ಆ ಕಮಿಷನ್ ದುಡಿದು ತರುತ್ತಿದ್ದ, ಹುಟ್ಟದೆಯೇ ಹೋದ ಚಕ್ರಬಡ್ಡಿ ಅದು. ಶೇಕಡ ಒಂದು ಎಂಬುದು ಅತ್ಯಲ್ಪವೆಂದು ತೋರುವುದು ಅದನ್ನು ಮೂಲಧನಕ್ಕೆ ಹೋಲಿಸಿದಾಗ. ಬರಬೇಕಾಗಿದ್ದ ಲಾಭಕ್ಕೆ ಹೋಲಿಸಿದರೆ ಇಲ್ಲಿ ಕಳೆದುಹೋದುದು ಹೆಚ್ಚುಕಡಮೆ ಐದರಲ್ಲಿ ಒಂದು ಪಾಲು.

ತಾನು ಯಾವ ಪ್ಲಾನಿನಲ್ಲಿದ್ದೇನೆಂದು ತಿಳಿಯುವುದು ಸುಲಭ. ಲೆಕ್ಕಪತ್ರದಲ್ಲಿ ನಿಧಿಯ ಹೆಸರಿನೊಡನೆ ಡೈರೆಕ್ಟ್ ಎಂದೋ ರೆಗ್ಯುಲರ್ ಎಂದೋ ಇರುತ್ತದೆ. ವಿತರಕನಿದ್ದರೆ ಎಆರ್‌ಎನ್ ಎಂದು ಆರಂಭವಾಗುವ ಅವನ ನೋಂದಣಿ ಸಂಖ್ಯೆಯೂ ಇರುತ್ತದೆ. ಇವೆರಡಕ್ಕಿಂತ ಮುಖ್ಯವಾದುದು, ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಏಕೀಕೃತ ಲೆಕ್ಕಪತ್ರ. ಅದರಲ್ಲಿ ಪ್ರತಿಯೊಂದು ನಿಧಿಗೂ ವಿತರಕನಿಗೆ ಸಂದ ಕಮಿಷನ್ನನ್ನು ಶೇಕಡ ದರದಲ್ಲಲ್ಲ, ರೂಪಾಯಿಗಳಲ್ಲಿಯೇ ತೋರಿಸಬೇಕೆಂದು 2016ರಿಂದ ನಿಯಮವಿದೆ. ಇಮೇಲಿಗೆ ಬರುವ ಆ ಕಡತವನ್ನು ತೆರೆದು ನೋಡುವವರು ವಿರಳ.

ಎನ್‌ಎವಿಯನ್ನು ಕುರಿತು ಒಂದು ತಪ್ಪು ತಿಳಿವಳಿಕೆಯಿದೆ. ಡೈರೆಕ್ಟ್ ಪ್ಲಾನಿನ ಯೂನಿಟ್ ಬೆಲೆ ಹೆಚ್ಚಿರುವುದರಿಂದ ಅದು ದುಬಾರಿಯೆಂದೂ, ರೆಗ್ಯುಲರ್‌ನಲ್ಲಿ ಅದೇ ಹಣಕ್ಕೆ ಹೆಚ್ಚು ಯೂನಿಟ್ ಸಿಗುವುದೆಂದೂ ಹೇಳುವವರುಂಟು. ಆ ಬೆಲೆ ಹೆಚ್ಚಿರುವುದು ಕಡಿತ ಕಡಮೆಯಾಗಿದೆ ಎಂಬ ಕಾರಣದಿಂದಲೇ. ಎರಡೂ ಬೆಲೆಗಳ ನಡುವಣ ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದುದೇ ಇಷ್ಟು ಹೊತ್ತು ಹೇಳಿದ ಮಾತಿಗೆ ಪ್ರತ್ಯಕ್ಷ ಪ್ರಮಾಣ.

ಬದಲಾಯಿಸಬೇಕೆಂದು ನಿಶ್ಚಯಿಸಿದವರು ಮೊದಲು ಮಾಡತಕ್ಕದ್ದು ತಿಂಗಳ ಕಂತನ್ನು, ಅಂದರೆ ಎಸ್‌ಐಪಿಯನ್ನು, ರೆಗ್ಯುಲರ್‌ನಲ್ಲಿ ನಿಲ್ಲಿಸಿ ಡೈರೆಕ್ಟ್‌ನಲ್ಲಿ ಆರಂಭಿಸುವುದು, ಇದಕ್ಕೆ ತೆರಿಗೆಯಿಲ್ಲ. ಹಳೆಯ ಯೂನಿಟ್ಟುಗಳ ವಿಷಯದಲ್ಲಿ ಆತುರ ಸಲ್ಲದು. ಒಂದೇ ನಿಧಿಯೊಳಗೆ ಪ್ಲಾನ್ ಬದಲಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಮಾರಿ ಮರಳಿ ಕೊಂಡಂತೆ. ಷೇರು ನಿಧಿಯಲ್ಲಿ ವರ್ಷ ತುಂಬುವ ಮುನ್ನ ಹೊರಬಂದರೆ ಬಹುತೇಕ ನಿರ್ಗಮನ ಶುಲ್ಕವಿರುತ್ತದೆ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ನಿಧಿಯಲ್ಲಿ ಪ್ರತಿಯೊಂದು ಕಂತಿಗೂ ಮೂರು ವರ್ಷಗಳ ಬಂಧವಿರುತ್ತದೆ. ವರ್ಷ ಮೀರಿದ ಮೇಲಿನ ಲಾಭಕ್ಕೆ, 2024ರ ಜುಲೈ 23ರಿಂದ ಬಂದ ದರದಂತೆ, ಒಂದು ಆರ್ಥಿಕ ವರ್ಷದಲ್ಲಿ 1 ಲಕ್ಷ 25 ಸಾವಿರ ಕಳೆದು ಉಳಿದುದರ ಮೇಲೆ ಶೇಕಡ 12.5 ತೆರಿಗೆ. ನಮ್ಮ ಹಿರಿಯರ 10 ಲಕ್ಷ 16 ಲಕ್ಷವಾಗಿದ್ದಾಗ ಒಮ್ಮೆಗೇ ಬದಲಿಸಿದರೆ, 4 ಲಕ್ಷ 75 ಸಾವಿರದ ಮೇಲೆ ಸೆಸ್ ಬಿಟ್ಟು 59,375 ರೂಪಾಯಿ ತೆರಿಗೆ ಬೀಳುತ್ತದೆ. ಉಳಿಯುವ ಕಮಿಷನ್ ವರ್ಷಕ್ಕೆ 16 ಸಾವಿರದಂತೆ ಸುಮಾರು ನಾಲ್ಕು ವರ್ಷಗಳಲ್ಲಿ ಇದನ್ನು ತುಂಬಿಕೊಡುತ್ತದೆ. ಸ್ವಲ್ಪ ಭಾಗವನ್ನು ಮಾರ್ಚ್‌ನಲ್ಲಿಯೂ ಇನ್ನಷ್ಟನ್ನು ಏಪ್ರಿಲ್‌ನಲ್ಲಿಯೂ ಹೀಗೆ ಬೇರೆಬೇರೆ ಆರ್ಥಿಕ ವರ್ಷಗಳಿಗೆ ಹಂಚಿದರೆ ತೆರಿಗೆ ಮತ್ತೂ ತಗ್ಗುತ್ತದೆ. ಎರಡು ಮೂರು ವರ್ಷಗಳಲ್ಲಿ ಹಣ ಬೇಕಾಗಿರುವವರು ಇದ್ದಲ್ಲಿಯೇ ಇರುವುದು ಮೇಲು.

ಅನೇಕರು ಎಡವುವ ಸ್ಥಳವನ್ನೂ ಹೇಳಿಬಿಡುತ್ತೇನೆ. ವಿತರಕನ ಸಂಖ್ಯೆಯನ್ನು ತೆಗೆಸಿಹಾಕಿದ ಮಾತ್ರಕ್ಕೆ ಪ್ಲಾನ್ ಬದಲಾಗುವುದಿಲ್ಲ. ಯೂನಿಟ್ಟುಗಳು ರೆಗ್ಯುಲರ್‌ನಲ್ಲಿಯೇ ಉಳಿದು, ಅದೇ ವೆಚ್ಚವನ್ನೇ ಹೊರುತ್ತಿರುತ್ತವೆ. ವಿತರಕನಿಗೆ ಹೋಗುತ್ತಿದ್ದುದು ನಿಂತರೂ ಹೂಡಿಕೆದಾರನಿಗೆ ಬಂದಂತಾಗುವುದಿಲ್ಲ. ಸ್ವಿಚ್ ಅರ್ಜಿಯಲ್ಲಿ ಡೈರೆಕ್ಟ್ ಪ್ಲಾನ್ ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಮೊಬೈಲಿನಲ್ಲಿ ಉಚಿತವೆನ್ನುವ ಆ್ಯಪ್‌ಗಳಲ್ಲಿಯೂ ರೆಗ್ಯುಲರ್ ಪ್ಲಾನನ್ನೇ ಮಾರುವವು ಇವೆಯಾದ್ದರಿಂದ, ಹಣ ಕಟ್ಟುವ ಮುನ್ನ ನಿಧಿಯ ಪೂರ್ಣ ಹೆಸರನ್ನು ಓದಬೇಕು.

ವಿತರಕರೆಲ್ಲರೂ ವ್ಯರ್ಥರೆಂದು ನಾನು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಗಾಬರಿಯಿಂದ ಎಲ್ಲವನ್ನೂ ಮಾರಲು ಹೊರಟವರನ್ನು ತಡೆದು ನಿಲ್ಲಿಸಿದ ವಿತರಕರಿದ್ದಾರೆ. ಮನೆಯ ಯಜಮಾನರು ತೀರಿಕೊಂಡಾಗ ಪತ್ನಿಯ ಹೆಸರಿಗೆ ಯೂನಿಟ್ ವರ್ಗಾಯಿಸಲು ಕಚೇರಿಗಳಿಗೆ ಅಲೆದವರಿದ್ದಾರೆ. ಅಂಥವರು ತಮ್ಮ ಕಮಿಷನ್ನಿಗೆ ಅರ್ಹರು. ತಾನೇ ಆರಿಸಿದ ಕಳಪೆ ನಿಧಿಯಲ್ಲಿ ಡೈರೆಕ್ಟ್ ಆಗಿ ಕೂತವನಿಗಿಂತ ಅಂಥವರ ಕೈಹಿಡಿದವನು ಮುಂದಿರುವುದೂ ಸಾಧ್ಯ. ಆದರೆ ಒಮ್ಮೆ ಸಹಿ ಹಾಕಿಸಿಕೊಂಡು ಮತ್ತೆ ಮುಖ ತೋರಿಸದವರಿಗೂ ಅದೇ ದರದಲ್ಲಿ, ಹಣ ಬೆಳೆದಂತೆಲ್ಲ ಬೆಳೆಯುವ ಕಮಿಷನ್ ಸಲ್ಲುತ್ತಲೇ ಇರುತ್ತದೆಂಬುದು ಈ ವ್ಯವಸ್ಥೆಯ ನಿಜವಾದ ದೋಷ. ಸಲಹೆ ಬೇಕೇಬೇಕೆನ್ನುವವರಿಗೆ ಇನ್ನೊಂದು ಮಾರ್ಗವೂ ಉಂಟು: ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು ಶುಲ್ಕವನ್ನು ನೇರವಾಗಿ ಪಡೆದು ಡೈರೆಕ್ಟ್ ಪ್ಲಾನುಗಳನ್ನು ಸೂಚಿಸುತ್ತಾರೆ; ಸಲಹೆ ಪಡೆದವರ ಹೂಡಿಕೆಯ ಮೇಲೆ ಅವರು ಕಮಿಷನ್ ಪಡೆಯುವಂತಿಲ್ಲ.

ವಾಚಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಕಳೆದ ಅರ್ಧವಾರ್ಷಿಕ ಲೆಕ್ಕಪತ್ರವನ್ನು ಇಂದೇ ತೆರೆದು, ಕಮಿಷನ್ನಿನ ಕಲಮಿನಲ್ಲಿರುವ ರೂಪಾಯಿಗಳನ್ನು ಕೂಡಿ, ಆ ಆರು ತಿಂಗಳಲ್ಲಿ ಅಷ್ಟು ಹಣಕ್ಕೆ ತಕ್ಕ ಸೇವೆ ನಿಮಗೆ ದೊರೆತಿದೆಯೇ ಎಂದು ನೀವೇ ನಿರ್ಣಯಿಸಿ. ದೊರೆತಿಲ್ಲವಾದರೆ ಮುಂದಿನ ಕಂತನ್ನು ಡೈರೆಕ್ಟ್ ಪ್ಲಾನಿನಲ್ಲಿ ಕಟ್ಟಿ.