ಬಿಲ್ಲಿನ ಫೈಲು ಅಂಗಡಿ ದಾಟುವ ಮುನ್ನ

ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಎಂದುಕೊಳ್ಳಿ. ಮಾಲೀಕರಿಗೆ ಒಂದು ಪ್ರಶ್ನೆ ಕಾಡುತ್ತಿದೆ: ದೀಪಾವಳಿಗೆ ಸೀರೆ ಕೊಂಡವರಲ್ಲಿ ಎಷ್ಟು ಜನ ಯುಗಾದಿಗೂ ನಮ್ಮಲ್ಲಿಗೇ ಬಂದರು? ಲೆಕ್ಕ ಹಾಕಿಕೊಡಲು ಬೆಂಗಳೂರಿನ ಒಬ್ಬ ಡೇಟಾ ಅನಲಿಸ್ಟ್ ಒಪ್ಪಿದ್ದಾರೆ. ‘ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎರಡು ವರ್ಷದ ಡೇಟಾ ಎಕ್ಸ್‌ಪೋರ್ಟ್ ಮಾಡಿ ಕಳಿಸಿಬಿಡಿ’ ಎಂದು ಕೇಳಿದ್ದಾರೆ. ಗುಂಡಿ ಒತ್ತಿದರೆ ಫೈಲು ಸಿದ್ಧ. ತೆರೆದು ನೋಡಿದರೆ ಬಿಲ್ ನಂಬರ್, ದಿನಾಂಕ, ಗಿರಾಕಿಯ ಹೆಸರು, ಮೊಬೈಲ್, ವಿಳಾಸ, ಜಿಎಸ್‌ಟಿ ನಂಬರ್, ಸರಕು, ಮೊತ್ತ, ಕಾರ್ಡ್ ನಂಬರ್, ಯುಪಿಐ ಐಡಿ, ಕೊನೆಗೆ ‘ರಿಮಾರ್ಕ್ಸ್’ ಎಂಬ ಕಾಲಂ.

ಮಾಲೀಕರ ಪ್ರಶ್ನೆಗೆ ಉತ್ತರ ಸಿಗಲು ಇವುಗಳಲ್ಲಿ ಬೇಕಾದದ್ದು ನಾಲ್ಕೇ: ದಿನಾಂಕ, ಸರಕಿನ ಬಗೆ, ಮೊತ್ತ, ಮತ್ತು ‘ಅವತ್ತು ಬಂದವರೇ ಇವತ್ತೂ ಬಂದಿದ್ದಾರೆ’ ಎಂದು ಹೇಳುವ ಒಂದು ಗುರುತು. ಬಂದವರು ಯಾರು ಎಂಬುದು ಅನಲಿಸ್ಟ್‌ಗೆ ಬೇಕಿಲ್ಲ. ಬಂದವರು ಅವರೇ ಹೌದೋ ಅಲ್ಲವೋ ಎಂಬುದಷ್ಟೇ ಬೇಕು. ಹೆಸರು, ವಿಳಾಸಗಳನ್ನು ಮರೆಮಾಡುವ ಕಸರತ್ತೇ ಬೇಡ, ಆ ಕಾಲಂಗಳನ್ನು ತೆಗೆದುಬಿಡಬಹುದು. ಕಷ್ಟವಿರುವುದು ಕಾರ್ಡ್ ನಂಬರಿನಲ್ಲಿ, ಮೊಬೈಲ್ ನಂಬರಿನಲ್ಲಿ, ಮತ್ತು ಯಾರೂ ಕಣ್ಣು ಹಾಯಿಸದ ರಿಮಾರ್ಕ್ಸ್‌ನಲ್ಲಿ.

ಮೊದಲು ಕಾರ್ಡ್ ನಂಬರ್. ಭಾರತದಲ್ಲಿ ಅಂಗಡಿಯವರ ಬಳಿ ಪೂರ್ತಿ ಕಾರ್ಡ್ ನಂಬರ್ ಇರುವಂತೆಯೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವೀಸಾ, ರುಪೇಯಂಥ ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ಹೀಗಾಗಿ ಎಕ್ಸ್‌ಪೋರ್ಟ್‌ನಲ್ಲಿ ಹದಿನಾರು ಅಂಕಿಯ ಕಾರ್ಡ್ ನಂಬರ್ ಕಂಡರೆ ಅನಲಿಸ್ಟ್‌ಗೆ ಕಳಿಸುವ ಫೈಲಿನಲ್ಲಿ ಮಾತ್ರ ಅಳಿಸಿದರೆ ಸಾಲದು, ಮೂಲದಲ್ಲೇ ಅಳಿಸಬೇಕು.

ಅಳಿಸುವುದು ಎಂದರೆ ನಿಜಕ್ಕೂ ಅಳಿಸುವುದು. ಎಕ್ಸೆಲ್‌ನಲ್ಲಿ ಕಾಲಂ ಹೈಡ್ ಮಾಡುವುದು, ಅಕ್ಷರಕ್ಕೆ ಬಿಳಿ ಬಣ್ಣ ಕೊಡುವುದು, ಫಾರ್ಮ್ಯಾಟ್ ಬದಲಿಸಿ ನಕ್ಷತ್ರ ಕಾಣುವಂತೆ ಮಾಡುವುದು ಬಹಳ ಕಡೆ ನಡೆಯುತ್ತದೆ. ಕಣ್ಣಿಗೆ ನಕ್ಷತ್ರ ಕಾಣುತ್ತದೆ, ಆ ಕೋಶದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಪೂರ್ತಿ ನಂಬರು ಕಾಣುತ್ತದೆ. ಹೀಗೆ ಸಿದ್ಧಮಾಡಿದ ಫೈಲನ್ನು ಸಿಎಸ್‌ವಿ ರೂಪದಲ್ಲಿ ಉಳಿಸಿ, ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಹೈಡ್ ಮಾಡಿದ್ದು, ಬಿಳಿ ಬಣ್ಣದಲ್ಲಿದ್ದದ್ದು ಅಲ್ಲಿ ಎದ್ದು ಕಾಣುತ್ತದೆ. ಬಣ್ಣದ ಶೀಟು ಬೇಡ, ಆ ಸಿಎಸ್‌ವಿಯನ್ನೇ ಕಳಿಸಿ.

ಕೊನೆಯ ನಾಲ್ಕು ಅಂಕಿಯನ್ನಾದರೂ ಅನಲಿಸ್ಟ್‌ಗೆ ಕೊಡಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ನಾಲ್ಕು ಅಂಕಿಯಿಂದ ಆಗುವುದು ಹತ್ತು ಸಾವಿರ ಸಂಖ್ಯೆ ಮಾತ್ರ. ಇಪ್ಪತ್ತು ಸಾವಿರ ಗಿರಾಕಿಗಳಿರುವ ಅಂಗಡಿಯಲ್ಲಿ ಒಂದೊಂದಕ್ಕೂ ಸರಾಸರಿ ಇಬ್ಬರು ಬಂದು ಕೂರುತ್ತಾರೆ. ‘ಅದೇ ಗಿರಾಕಿ’ ಎಂದು ಹೇಳಲು ಅದು ನಂಬಿಕೆಗೆ ಅರ್ಹವಲ್ಲ. ಆ ಕಾಲಂ ಜಾಗದಲ್ಲಿ ‘ಕಾರ್ಡ್’, ‘ನಗದು’, ‘ಯುಪಿಐ’ ಎಂದಿದ್ದರೆ ಸಾಕು.

ಗಿರಾಕಿಯನ್ನು ಬಿಲ್ಲಿನಿಂದ ಬಿಲ್ಲಿಗೆ ಜೋಡಿಸುವುದು ಮೊಬೈಲ್ ನಂಬರ್. ಅದನ್ನು ಹಾಗೆಯೇ ಕೊಡುವಂತಿಲ್ಲ, ಪೂರ್ತಿ ತೆಗೆದರೆ ಲೆಕ್ಕವೇ ಆಗುವುದಿಲ್ಲ. ಕಂಪ್ಯೂಟರ್ ಬಲ್ಲವರು ಇಲ್ಲಿ ಕೊಡುವ ಸಲಹೆ ‘ಹ್ಯಾಶ್ ಮಾಡಿ’ ಎಂಬುದು. ನಂಬರನ್ನು ಒಂದು ಲೆಕ್ಕಕ್ಕೆ ಹಾಕಿದರೆ ಅರ್ಥವಿಲ್ಲದ ಉದ್ದನೆಯ ಅಕ್ಷರಸರ ಹೊರಬರುತ್ತದೆ. ಅದೇ ನಂಬರಿಗೆ ಯಾವಾಗಲೂ ಅದೇ ಸರ. ಸರದಿಂದ ನಂಬರಿಗೆ ಹಿಂದಿರುಗುವ ದಾರಿ ಇಲ್ಲ ಎನ್ನುತ್ತಾರೆ. ಮಾತು ನಿಜ, ಆದರೆ ಹಿಂದಿರುಗುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಮೊಬೈಲ್ ನಂಬರುಗಳು ಹತ್ತು ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತವೆ. ಎಲ್ಲ ಸೇರಿ ಆಗುವುದು 400 ಕೋಟಿ ಸಂಖ್ಯೆ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ, ಫೈಲಿನಲ್ಲಿರುವ ಸರಗಳ ಜೊತೆ ಹೋಲಿಸಿ ನೋಡಿದರೆ ಆಯಿತು. ಸಾಧಾರಣ ಲ್ಯಾಪ್‌ಟಾಪಿಗೆ ಇದು ದೊಡ್ಡ ಕೆಲಸವಲ್ಲ. ಕಾರ್ಡ್ ನಂಬರಿನ ಗತಿ ಇನ್ನೂ ಕೆಟ್ಟದ್ದು. ಫೈಲಿನ ಒಂದು ಕಾಲಂನಲ್ಲಿ ಮೊದಲ ಆರು, ಕೊನೆಯ ನಾಲ್ಕು ಅಂಕಿ ಬಿಟ್ಟು ಮಿಕ್ಕದ್ದು ಮುಚ್ಚಿದೆ, ಪಕ್ಕದ ಕಾಲಂನಲ್ಲಿ ಅದೇ ಕಾರ್ಡಿನ ಹ್ಯಾಶ್ ಇದೆ ಎನ್ನಿ. ಗೊತ್ತಿಲ್ಲದ್ದು ನಡುವಿನ ಆರು ಅಂಕಿ, ಅಂದರೆ ಹತ್ತು ಲಕ್ಷ ಸಾಧ್ಯತೆ. ಕಾರ್ಡಿನ ಕೊನೆಯ ಅಂಕಿ ಮಿಕ್ಕ ಅಂಕಿಗಳಿಂದ ಲೆಕ್ಕ ಹಾಕಿ ಬರೆದದ್ದಾದ್ದರಿಂದ ಅವುಗಳಲ್ಲೂ ಹತ್ತಕ್ಕೆ ಒಂಬತ್ತು ತಾನಾಗಿ ಬಿದ್ದುಹೋಗುತ್ತವೆ. ಉಳಿದದ್ದು ಒಂದು ಲಕ್ಷ. ಅದನ್ನು ಹುಡುಕಲು ಕಂಪ್ಯೂಟರಿಗೆ ಒಂದು ಸೆಕೆಂಡೂ ಬೇಡ. ಎರಡು ಕಾಲಂಗಳಲ್ಲಿ ಯಾವುದೂ ಒಂಟಿಯಾಗಿ ಇಷ್ಟು ಸುಲಭವಾಗಿ ಕಾರ್ಡನ್ನು ಬಿಟ್ಟುಕೊಡುವುದಿಲ್ಲ. ಪಕ್ಕಪಕ್ಕ ಇಟ್ಟರೆ ಬಿಟ್ಟುಕೊಡುತ್ತವೆ.

ಇದು ನಡೆದೂ ಇದೆ. 2014ರಲ್ಲಿ ನ್ಯೂಯಾರ್ಕ್ ನಗರದ ಟ್ಯಾಕ್ಸಿ ಆಯೋಗ ಹಿಂದಿನ ವರ್ಷದ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಪ್ರಯಾಣಗಳ ದಾಖಲೆ ಹೊರಬಿಟ್ಟಿತು. ಟ್ಯಾಕ್ಸಿಯ ಮತ್ತು ಚಾಲಕರ ಪರವಾನಗಿ ನಂಬರುಗಳನ್ನು ಹ್ಯಾಶ್ ಮಾಡಲಾಗಿತ್ತು. ವಿಜಯ್ ಪಾಂಡುರಂಗನ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್, ಆ ನಂಬರುಗಳ ವಿನ್ಯಾಸ ಸಣ್ಣದು ಎಂಬುದನ್ನು ಗಮನಿಸಿ, ಸಾಧ್ಯವಿರುವ ಎಲ್ಲ ನಂಬರುಗಳನ್ನೂ ಹ್ಯಾಶ್ ಮಾಡಿ, ಸುಮಾರು ಎರಡು ಗಂಟೆಯಲ್ಲಿ ಇಡೀ ಕಡತದ ಮುಸುಕು ತೆಗೆದರು.

ಪರಿಹಾರ ಕಷ್ಟದ್ದಲ್ಲ. ಹ್ಯಾಶ್ ಮಾಡುವಾಗ ನಂಬರಿನ ಜೊತೆ ಒಂದು ಗುಟ್ಟಿನ ಕೀಲಿಯನ್ನೂ ಸೇರಿಸಬೇಕು. ಕೀಲಿ ಎಂದರೆ ಕಂಪ್ಯೂಟರೇ ಹುಟ್ಟುಹಾಕಿದ ಉದ್ದನೆಯ ಯಾದೃಚ್ಛಿಕ ಸರ. ಅದು ಕೈಯಲ್ಲಿಲ್ಲದವರು 400 ಕೋಟಿ ನಂಬರನ್ನೂ ಪ್ರಯತ್ನಿಸಿದರೂ ಒಂದೂ ತಾಳೆಯಾಗುವುದಿಲ್ಲ. ಇದಕ್ಕೆ ಎಚ್‌ಮ್ಯಾಕ್ ಎಂಬ ವಿಧಾನ ಬಳಕೆಯಲ್ಲಿದೆ. ಕಾರ್ಡ್ ಉದ್ಯಮದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡ ಕೂಡ ಹ್ಯಾಶ್ ಬಳಸಿ ಕಾರ್ಡ್ ನಂಬರ್ ಮರೆಮಾಡುವವರಿಗೆ 2025ರ ಮಾರ್ಚ್ 31ರಿಂದ ಕೀಲಿ ಇರುವ ಹ್ಯಾಶನ್ನೇ ಕಡ್ಡಾಯ ಮಾಡಿದೆ. ಪೈಥಾನ್ ಬಲ್ಲ ಯಾರಾದರೂ ಬರೆದುಕೊಡಬಹುದಾದಷ್ಟು ಸಣ್ಣ ಕೆಲಸ ಇದು:

```python
import hmac, hashlib

key = open("key.txt", "rb").read().strip()

def code(mobile):
    m = "".join(c for c in mobile if c.isdigit())[-10:]
    return hmac.new(key, m.encode(), hashlib.sha256).hexdigest()[:16]
```

ನಡುವಿನ ಸಾಲನ್ನು ಬಿಡಬೇಡಿ. ಒಂದು ಕೌಂಟರಿನವರು ನಂಬರನ್ನು +91 ಸೇರಿಸಿ, ಇನ್ನೊಬ್ಬರು ಮುಂದೆ ಸೊನ್ನೆ ಹಾಕಿ, ಮತ್ತೊಬ್ಬರು ನಡುವೆ ಜಾಗ ಬಿಟ್ಟು ಬರೆದಿರುತ್ತಾರೆ. ಕೊನೆಯ ಹತ್ತು ಅಂಕಿಯನ್ನು ಮಾತ್ರ ತೆಗೆದುಕೊಳ್ಳದಿದ್ದರೆ ಒಬ್ಬರೇ ಗಿರಾಕಿಗೆ ಮೂರು ಗುರುತು ಹುಟ್ಟಿ, ಮರಳಿ ಬಂದವರೆಲ್ಲ ಹೊಸಬರಾಗಿ ಲೆಕ್ಕಕ್ಕೆ ಸಿಗುತ್ತಾರೆ. ಮೊಬೈಲ್ ಕೊಡದ ಗಿರಾಕಿಗಳ ಖಾಲಿ ಕೋಶಗಳನ್ನು ಮೊದಲೇ ಬೇರೆ ಮಾಡಿ. ಇಲ್ಲದಿದ್ದರೆ ಅವರೆಲ್ಲ ಒಂದೇ ಗುರುತಿನಡಿ ಸೇರಿ, ಸಾವಿರ ಸಲ ಬಂದ ಒಬ್ಬ ಮಹಾ ಗಿರಾಕಿಯಾಗಿ ಕಾಣುತ್ತಾರೆ. ಕೀಲಿಯ ಫೈಲು ಮಾಲೀಕರ ಬಳಿಯೇ ಉಳಿಯಬೇಕು, ಡೇಟಾ ಜೊತೆ ಒಂದೇ ಫೋಲ್ಡರಿನಲ್ಲಿ ಹೋಗಬಾರದು. ಮುಂದಿನ ವರ್ಷದ ಡೇಟಾ ಹಿಂದಿನದಕ್ಕೆ ಕೂಡಬೇಕಾದರೆ ಅದೇ ಕೀಲಿ ಬೇಕಾಗುತ್ತದೆ. ಬೇರೆ ಅನಲಿಸ್ಟ್‌ಗೆ ಬೇರೆ ಕೀಲಿ ಬಳಸಿದರೆ ಇಬ್ಬರ ಫೈಲುಗಳನ್ನು ಯಾರೂ ಜೋಡಿಸಲಾರರು.

ಇಷ್ಟೆಲ್ಲ ಮಾಡಿದ ಮೇಲೂ ಗುಟ್ಟು ಸೋರುವುದು ರಿಮಾರ್ಕ್ಸ್ ಕಾಲಂನಿಂದ. ‘ಅಳತೆ ಸರಿಯಿಲ್ಲ, ಹಣ ವಾಪಸ್, ಕಾರ್ಡ್ 4111 1111 1111 1111, ಮಗಳ ನಂಬರಿಗೆ ಫೋನ್ ಮಾಡಿ’ ಎಂದು ಕೌಂಟರಿನಲ್ಲಿ ಅವಸರದಲ್ಲಿ ಬರೆದ ಸಾಲುಗಳು ಅಲ್ಲಿರುತ್ತವೆ. (ಇಲ್ಲಿ ಕೊಟ್ಟದ್ದು ಪರೀಕ್ಷೆಗೆಂದೇ ಎಲ್ಲರೂ ಬಳಸುವ ನಂಬರು, ಯಾರ ಕಾರ್ಡೂ ಅಲ್ಲ.) ಇಂಥವನ್ನು ಹುಡುಕಲು ಆ ಕೊನೆಯ ಅಂಕಿಯ ಲೆಕ್ಕವೇ ನೆರವಿಗೆ ಬರುತ್ತದೆ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸೂತ್ರ ಅದು. ಬಲದಿಂದ ಎಡಕ್ಕೆ ಬರುತ್ತ ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಿ, ಬಂದದ್ದು ಎರಡಂಕಿಯಾದರೆ ಆ ಎರಡನ್ನೂ ಕೂಡಿ ಒಂದಂಕಿ ಮಾಡಿ, ಎಲ್ಲವನ್ನೂ ಕೂಡಿಸಿದರೆ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. ಮೇಲಿನ ನಂಬರಿನಲ್ಲಿ ದುಪ್ಪಟ್ಟಾದ ಎಂಟು ಅಂಕಿಗಳ ಮೊತ್ತ 22, ಉಳಿದ ಎಂಟರದ್ದು 8, ಒಟ್ಟು 30. ಹದಿಮೂರರಿಂದ ಹತ್ತೊಂಬತ್ತು ಅಂಕಿಯ ಯಾವ ಸಾಲು ಸಿಕ್ಕಿದರೂ ಪ್ರೋಗ್ರಾಂ ಈ ಲೆಕ್ಕ ಹಾಕಿ ಕಾರ್ಡನ್ನು ಗುರುತಿಸುತ್ತದೆ. ಬೇರೆ ಸಂಖ್ಯೆಗಳಲ್ಲೂ ಹತ್ತಕ್ಕೊಂದು ಆಕಸ್ಮಿಕವಾಗಿ ಪಾಸಾಗುತ್ತದೆ, ಅದರಿಂದ ನಷ್ಟವಿಲ್ಲ.

ನಷ್ಟ ಇರುವುದು ಎಕ್ಸೆಲ್‌ನಲ್ಲಿ. ಎಕ್ಸೆಲ್ ಒಂದು ಸಂಖ್ಯೆಯ ಹದಿನೈದು ಅಂಕಿಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಹದಿನಾರಂಕಿಯ ಕಾರ್ಡ್ ನಂಬರಿರುವ ಫೈಲನ್ನು ಅದರಲ್ಲಿ ಒಮ್ಮೆ ತೆರೆದು ಉಳಿಸಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಹಾಗಾದ ನಂಬರು ಬಹುತೇಕ ಲೂನ್ ಲೆಕ್ಕದಲ್ಲಿ ಫೇಲಾಗುತ್ತದೆ, ಶೋಧಕ ಅದನ್ನು ಕಾರ್ಡ್ ಅಲ್ಲವೆಂದು ಬಿಟ್ಟುಬಿಡುತ್ತದೆ. ಆದರೆ ಮೊದಲ ಹದಿನೈದು ಅಂಕಿ ಗೊತ್ತಿದ್ದವರು ಕಳೆದುಹೋದ ಕೊನೆಯ ಅಂಕಿಯನ್ನು ಅದೇ ಸೂತ್ರದಿಂದ ಕಂಡುಹಿಡಿಯಬಹುದು. ಆದ್ದರಿಂದ ಶೋಧ ನಡೆಯಬೇಕಾದದ್ದು ಸಾಫ್ಟ್‌ವೇರ್ ಕೊಟ್ಟ ಮೂಲ ಸಿಎಸ್‌ವಿಯ ಮೇಲೆ, ಎಕ್ಸೆಲ್ ಮುಟ್ಟುವುದಕ್ಕೆ ಮೊದಲು.

ಜಿಎಸ್‌ಟಿ ನಂಬರನ್ನೂ ಬಿಡುವಂತಿಲ್ಲ. ಅದರ ಹದಿನೈದು ಅಕ್ಷರಗಳಲ್ಲಿ ಮೂರರಿಂದ ಹನ್ನೆರಡರವರೆಗಿನವು ಆ ವ್ಯಾಪಾರಿಯ ಆದಾಯ ತೆರಿಗೆಯ ಪ್ಯಾನ್ ನಂಬರೇ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರ ಮಟ್ಟಿಗೆ ಅದು ಅವರ ಖಾಸಗಿ ಪ್ಯಾನ್. ರಾಜ್ಯ ಯಾವುದೆಂದು ಬೇಕಿದ್ದರೆ ಮೊದಲ ಎರಡು ಅಂಕಿ ಸಾಕು, ಕರ್ನಾಟಕಕ್ಕೆ 29. ಯುಪಿಐ ಐಡಿಯಲ್ಲೂ ಎಷ್ಟೋ ಸಲ @ ಚಿಹ್ನೆಯ ಮುಂದೆ ಮೊಬೈಲ್ ನಂಬರೇ ಕೂತಿರುತ್ತದೆ.

ಇಷ್ಟೂ ಮಾಡಿದರೆ ಗಿರಾಕಿ ಪೂರ್ತಿ ಅನಾಮಿಕರಾದರು ಎಂದು ಹೇಳಲಾಗದು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 11 ಲಕ್ಷ ಜನರ ಮೂರು ತಿಂಗಳ ಕಾರ್ಡ್ ಖರೀದಿಗಳನ್ನು ನೋಡಿತು. ಹೆಸರು, ನಂಬರು ಇಲ್ಲದ ಆ ಡೇಟಾದಲ್ಲಿ, ಯಾವ ದಿನ ಯಾವ ಅಂಗಡಿಯಲ್ಲಿ ಎಂಬ ನಾಲ್ಕು ಸಂಗತಿ ಗೊತ್ತಿದ್ದರೆ ನೂರಕ್ಕೆ ತೊಂಬತ್ತು ಜನರನ್ನು ಬೇರೆ ಮಾಡಿ ಗುರುತಿಸಬಹುದಿತ್ತು. ಬೆಲೆಯೂ ಗೊತ್ತಾದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಅಂಗಡಿಯ ಫೈಲಿನಲ್ಲಿ ದಿನಾಂಕವೂ ಇದೆ, ಮೊತ್ತವೂ ಇದೆ. ಒಂದೇ ಮದುವೆಗೆ ಎರಡು ಲಕ್ಷದ ರೇಷ್ಮೆ ಕೊಂಡ ಮನೆ ಯಾವುದೆಂದು ಊರಿನವರಿಗೆ ಗುರುತಿನ ಕೋಡ್ ನೋಡದೆಯೂ ಗೊತ್ತಾಗುತ್ತದೆ. ಹಬ್ಬದ ಲೆಕ್ಕಕ್ಕೆ ದಿನಾಂಕದ ಬದಲು ವಾರ ಸಾಕು, ಗಂಟೆ ನಿಮಿಷ ಬೇಡ. ಮೊತ್ತವನ್ನು ಐನೂರರ ಹತ್ತಿರಕ್ಕೆ ತಂದರೂ ಉತ್ತರ ಕೆಡುವುದಿಲ್ಲ, ಐವತ್ತು ಸಾವಿರ ದಾಟಿದವನ್ನೆಲ್ಲ ಒಂದೇ ಗುಂಪಿಗೆ ಹಾಕಬಹುದು. ಉಳಿದ ಅಪಾಯಕ್ಕೆ ಅನಲಿಸ್ಟ್ ಜೊತೆ ಬರವಣಿಗೆಯಲ್ಲಿ ಒಪ್ಪಂದ ಇರಲಿ: ಫೈಲನ್ನು ಮತ್ತೊಬ್ಬರಿಗೆ ಕೊಡಬಾರದು, ಯಾರೆಂದು ಪತ್ತೆ ಮಾಡಲು ಹೋಗಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ವಹಿಸದವರಿಗೆ ದಂಡ 250 ಕೋಟಿ ರೂಪಾಯಿವರೆಗೆ ಇದೆ, ಮತ್ತು ಅನಲಿಸ್ಟ್ ಕೈಯಿಂದ ಸೋರಿದರೂ ಕಾಯ್ದೆ ಉತ್ತರ ಕೇಳುವುದು ಡೇಟಾ ಸಂಗ್ರಹಿಸಿದ ಅಂಗಡಿಯನ್ನೇ.

ಅಂಗಡಿ ನಡೆಸುವವರಲ್ಲಿ ನನ್ನದೊಂದು ವಿನಂತಿ. ರಿಮಾರ್ಕ್ಸ್ ಕಾಲಂ ಶುದ್ಧ ಮಾಡಲು ಸಮಯವಿಲ್ಲ ಎನಿಸಿದರೆ ಅದನ್ನು ಶುದ್ಧ ಮಾಡಲೇಬೇಡಿ, ಪೂರ್ತಿ ತೆಗೆದು ಕಳಿಸಿ. ಅನಲಿಸ್ಟ್‌ಗೆ ಅದು ಬೇಕಿದ್ದರೆ ಏಕೆ ಬೇಕೆಂದು ಅವರೇ ಕೇಳಲಿ.